ಹಿಟ್ಟಿನ ಗಿರಣಿಯಲ್ಲಿ ಧೂಳಿನ ಸ್ಫೋಟ: ತನಿಖಾ ವರದಿ

ಗೆ: ಆಡಳಿತ ನಿರ್ದೇಶಕರು
ಘಟನೆ: 2024ರ ಫೆಬ್ರವರಿ 15, ಗುರುವಾರ, ಸಂಜೆ ಸುಮಾರು 4.25
ಸ್ಥಳ: ಹುಬ್ಬಳ್ಳಿಯ ಹೊರವಲಯದ ತಮ್ಮ ರೋಲರ್ ಫ್ಲೋರ್ ಮಿಲ್ (ನೆಲಮಹಡಿ ಮತ್ತು ಮೂರು ಅಂತಸ್ತು, ದಿನಕ್ಕೆ 120 ಟನ್ ಗೋಧಿ)

ಆದದ್ದು ಏನು

ನೆಲಮಹಡಿಯಿಂದ ಮೂರನೇ ಮಹಡಿಗೆ ಬೆಲ್ಟಿಗೆ ಜೋಡಿಸಿದ ಬಕೆಟ್‌ಗಳಲ್ಲಿ ಆಟಾ ಸಾಗಿಸುವ 4ನೇ ಸಂಖ್ಯೆಯ ಬಕೆಟ್ ಎಲಿವೇಟರ್‌ನೊಳಗೆ ಮೊದಲ ಸ್ಫೋಟವಾಯಿತು. ಅದು ಎರಡನೇ ಮಹಡಿಯಲ್ಲಿ ಎಲಿವೇಟರ್‌ನ ತಗಡಿನ ಕವಚವನ್ನು ಹರಿದುಕೊಂಡು ಹೊರಬಂತು. ಒಂದೆರಡು ಸೆಕೆಂಡಿನ ನಂತರ, ಎಲ್ಲರೂ ಹೇಳುವಂತೆ ಮೊದಲಿಗಿಂತ ಬಹಳ ದೊಡ್ಡದಾಗಿ, ಎರಡನೇ ಸದ್ದು ಕೇಳಿಸಿತು. ಎರಡನೇ ಮತ್ತು ಮೂರನೇ ಮಹಡಿಯ ಕಿಟಕಿಗಳೆಲ್ಲ ಹಾರಿಹೋದವು, ಪಶ್ಚಿಮದ ಇಟ್ಟಿಗೆ ಗೋಡೆ ಅಂಗಳಕ್ಕೆ ಬಿತ್ತು. ಏಳು ಮಂದಿಗೆ ಗಾಯಗಳಾದವು. ಅವರಲ್ಲಿ ಫಿಟ್ಟರ್ ಹನ್ನೊಂದನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಮೊದಲ ಸಭೆಯಲ್ಲಿ ತಾವು, "ಹಿಟ್ಟು ಸಿಡಿಯುವುದಕ್ಕೆ ಅದೇನು ಮದ್ದೇ?" ಎಂದು ಕೇಳಿದ್ದಿರಿ. ಪ್ರಶ್ನೆ ಸಹಜವಾದದ್ದೇ. ಆದರೆ 1785ರಲ್ಲೇ ಇಟಲಿಯ ಟ್ಯೂರಿನ್‌ನ ಒಂದು ಬೇಕರಿಯಲ್ಲಿ ಹಿಟ್ಟು ದೀಪಕ್ಕೆ ತಾಗಿ ಸಿಡಿದದ್ದು ದಾಖಲಾಗಿದೆ. 1878ರಲ್ಲಿ ಅಮೆರಿಕದ ಮಿನಿಯಾಪೋಲಿಸ್‌ನಲ್ಲಿ ಒಂದು ದೊಡ್ಡ ಗಿರಣಿ ಹೀಗೆಯೇ ನೆಲಸಮವಾಗಿ 18 ಮಂದಿ ಸತ್ತರು. ಚೀಲದಲ್ಲಿರುವ ಹಿಟ್ಟಿಗೆ ಕಡ್ಡಿ ಗೀರಿದರೆ ಕರಕಲಾಗುತ್ತದೆ, ಅಷ್ಟೆ. ಅದೇ ಹಿಟ್ಟು ಗಾಳಿಯಲ್ಲಿ ಮೋಡದಂತೆ ಹರಡಿದಾಗ ಪ್ರತಿ ಕಣದ ಸುತ್ತಲೂ ಆಮ್ಲಜನಕ ಇರುತ್ತದೆ. ಎಲ್ಲ ಕಣಗಳೂ ಒಟ್ಟಿಗೇ ಉರಿಯುತ್ತವೆ. ಮುಚ್ಚಿದ ಜಾಗದಲ್ಲಿ ಆ ಒತ್ತಡಕ್ಕೆ ಇಟ್ಟಿಗೆ ಗೋಡೆ ತಡೆಯುವುದಿಲ್ಲ.

ಹೊತ್ತಿಕೊಂಡದ್ದು ಎಲ್ಲಿಂದ

ಎಲಿವೇಟರ್‌ನ ಮೇಲ್ತುದಿಯ ಪುಲ್ಲಿಯನ್ನು ಕಳಚಿ ನೋಡಿದೆ. ಪುಲ್ಲಿಗೆ ಸುತ್ತಿದ್ದ ರಬ್ಬರ್ ಹೊದಿಕೆ ಒಂದು ಅಂಗೈ ಅಗಲಕ್ಕೆ ಪೂರ್ತಿ ಸುಟ್ಟು, ಕೆಳಗಿನ ಉಕ್ಕು ನೀಲಿಗಟ್ಟಿದೆ. ಉಕ್ಕಿಗೆ ಆ ಬಣ್ಣ ಬರಬೇಕಾದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬೇಕು. ಕ್ಷಣಮಾತ್ರ ಹಾದುಹೋಗುವ ಸ್ಫೋಟದ ಜ್ವಾಲೆ ದಪ್ಪ ಉಕ್ಕನ್ನು ಹಾಗೆ ಕಾಯಿಸಲಾರದು. ನಿಂತ ಬೆಲ್ಟಿನ ಕೆಳಗೆ ಪುಲ್ಲಿ ಬಹಳ ಹೊತ್ತು ತಿರುಗುತ್ತ ಉಜ್ಜಿದೆ. ತುಂಡಾದ ಬೆಲ್ಟಿನ ಎರಡೂ ತುದಿಗಳು ಕರಕಲಾಗಿವೆ. ಎಳೆತಕ್ಕೆ ಹರಿದ ಬೆಲ್ಟಿನ ನೂಲು ಹಾಗೆ ಕಾಣುವುದಿಲ್ಲ.

ಬೆಲ್ಟ್ ಯಾಕೆ ನಿಂತಿತು? ಮೂರನೇ ಮಹಡಿಯ ಜರಡಿಗೆ ಹೋಗುವ ಇಳಿಕೊಳವೆ ಕಟ್ಟಿಕೊಂಡಿತ್ತು. ಮೇಲೆ ಇಳಿಯಲಾಗದ ಆಟಾ ಎಲಿವೇಟರ್‌ನೊಳಗೇ ವಾಪಸ್ಸು ಸುರಿದು, ಅದರ ಕೆಳತುದಿಯ ಬೂಟ್ ಎಂಬ ಪೆಟ್ಟಿಗೆ ತುಂಬಿ ಬಕೆಟ್‌ಗಳನ್ನು ಹಿಡಿದು ನಿಲ್ಲಿಸಿತು. ಬೂಟಿನಲ್ಲಿ ಉಳಿದಿದ್ದ ಆಟಾವನ್ನು ಸಲಿಕೆಯಿಂದ ತೆಗೆಯಲಾಗದೆ ಉಳಿಯಲ್ಲಿ ಕೆತ್ತಿ ತೆಗೆಸಬೇಕಾಯಿತು. ಮೇಲೆ 7.5 ಅಶ್ವಶಕ್ತಿಯ ಮೋಟಾರು ಮಾತ್ರ ಓಡುತ್ತಲೇ ಇತ್ತು. ಅದರ ಪೂರ್ಣ ಭಾರದ ಕರೆಂಟ್ ಸುಮಾರು 11 ಆಂಪಿಯರ್; ಕರೆಂಟ್ ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು 16ಕ್ಕೆ ತಿರುಗಿಸಿಡಲಾಗಿತ್ತು.

ಇಂಥ ಹೊತ್ತಿನಲ್ಲಿ ಮೋಟಾರನ್ನು ನಿಲ್ಲಿಸಲೆಂದೇ ಬೂಟಿನ ಪುಲ್ಲಿಯ ಬಳಿ ವೇಗ ನೋಡುವ ಸೆನ್ಸರ್ ಇದೆ. ಅದು ಕೆಲಸ ಮಾಡಲಿಲ್ಲ. ಪ್ಯಾನೆಲ್‌ನಲ್ಲಿ ಅದರ ಎರಡು ಟರ್ಮಿನಲ್‌ಗಳ ನಡುವೆ ಗೇಣುದ್ದದ ಹಸಿರು ವೈರ್ ಹಾಕಿ ಸೆನ್ಸರ್ ಲೆಕ್ಕಕ್ಕೇ ಬಾರದಂತೆ ಮಾಡಲಾಗಿತ್ತು. ಆ ವೈರಿನ ಮೇಲೆ ಕೂತಿದ್ದ ಹಿಟ್ಟನ್ನು ನೋಡಿದರೆ ಅದು ಮೊನ್ನೆ ಹಾಕಿದ್ದಲ್ಲ. ನಿರ್ವಹಣೆಯ ಪುಸ್ತಕದಲ್ಲಿ ಡಿಸೆಂಬರ್ 3ರಂದು ಹೀಗೆ ಬರೆದಿದೆ: "4ನೇ ಎಲಿವೇಟರ್ ಪದೇ ಪದೇ ಟ್ರಿಪ್. ಸೆನ್ಸರ್ ದೋಷ. ಬೈಪಾಸ್ ಮಾಡಿದೆ." ಕೆಳಗೆ ಶಿಫ್ಟ್ ಮುಖ್ಯಸ್ಥರ ಸಹಿಯೂ ಇದೆ.

ಸೆನ್ಸರನ್ನು ಬಿಚ್ಚಿ ಬೇರೆ ಪ್ಯಾನೆಲ್‌ಗೆ ಜೋಡಿಸಿ ಎರಡು ಬಾರಿ ಪರೀಕ್ಷಿಸಿದೆ. ಅದರಲ್ಲಿ ಯಾವ ದೋಷವೂ ಇಲ್ಲ. ಡಿಸೆಂಬರಿನಲ್ಲಿ ಅದು ಪದೇ ಪದೇ ಮಿಲ್ಲನ್ನು ನಿಲ್ಲಿಸುತ್ತಿದ್ದುದು ಬೆಲ್ಟ್ ನಿಜವಾಗಿಯೂ ಜಾರುತ್ತಿದ್ದುದರಿಂದ. ಬೆಲ್ಟ್ ಬಿಗಿ ಮಾಡುವ ಸ್ಕ್ರೂಗಳು ಕೊನೆಯ ಮರೆಯವರೆಗೆ ಬಂದು ನಿಂತಿವೆ. ಇನ್ನು ಬಿಗಿ ಮಾಡಲು ಜಾಗವೇ ಇಲ್ಲ. ಬೆಲ್ಟ್ ಕತ್ತರಿಸಿ ಹೊಸದಾಗಿ ಜೋಡಿಸಬೇಕಿತ್ತು. ಅದು ಅರ್ಧ ದಿನದ ಕೆಲಸ.

ಮೂರನೇ ಮಹಡಿಯ ಜರಡಿ ನೋಡಿಕೊಳ್ಳುವವರು ಸುಮಾರು ಕಾಲು ಗಂಟೆ ಮೊದಲೇ ಟೈರ್ ಸುಟ್ಟ ವಾಸನೆ ಬಂದದ್ದನ್ನು ಹೇಳಿದ್ದಾರೆ. ಅವರು ಮೆಟ್ಟಿಲ ಬಳಿ ಬಂದು ಕೂಗಿದರು. ಫಿಟ್ಟರ್ ಕೆಳಗಡೆ ಬೂಟಿನ ಬಾಗಿಲು ತೆರೆದು ಆಟಾ ಎಳೆಯತೊಡಗಿದರು. ಮೋಟಾರು ನಿಲ್ಲಿಸುವ ಗುಂಡಿ ಎಲಿವೇಟರ್‌ನ ಬಳಿ ಎಲ್ಲಿಯೂ ಇರಲಿಲ್ಲ. ಅದು ಮೊದಲ ಮಹಡಿಯ ಪ್ಯಾನೆಲ್ ಕೋಣೆಯಲ್ಲಿತ್ತು. ಅಷ್ಟರಲ್ಲಿ ಮೇಲೆ ಬೆಲ್ಟ್ ಸುಟ್ಟು ತುಂಡಾಗಿ, ಕೆಂಡದಂಥ ರಬ್ಬರಿನೊಂದಿಗೆ ಕೆಳಗೆ ಕುಸಿಯಿತು. ಕುಸಿದ ಬೆಲ್ಟೇ ಧೂಳನ್ನು ಎಬ್ಬಿಸಿತು, ಕೆಂಡ ಅದಕ್ಕೆ ತಾಗಿತು.

ಬೇರೆ ಮೂಲಗಳನ್ನೂ ನೋಡಿದ್ದೇನೆ. ಅಂದು ವೆಲ್ಡಿಂಗ್ ನಡೆದಿಲ್ಲ. ರೋಲರ್‌ಗಳ ಮುಂದಿನ ಆಯಸ್ಕಾಂತಗಳು ಸರಿಯಾಗಿವೆ, ರೋಲರ್‌ಗಳ ಮೇಲೆ ಕಬ್ಬಿಣ ಸಿಕ್ಕಿಕೊಂಡ ಗುರುತಿಲ್ಲ. ಎಲಿವೇಟರ್ ಕವಚದ ಅರ್ಥಿಂಗ್ ಅಳೆದಾಗ ಸರಿ ಬಂತು. ಹಾಗಾಗಿ ಸ್ಥಿರ ವಿದ್ಯುತ್ತಿನ ಸಾಧ್ಯತೆ ಕಡಿಮೆ. ಮೂರನೇ ಮಹಡಿಯ ದೀಪಗಳಿಗೆ ಧೂಳು ನುಗ್ಗದಂಥ ಕವಚ ಇಲ್ಲ. ಅದು ತಪ್ಪೇ, ಆದರೆ ಈ ಬಾರಿಯ ಬೆಂಕಿ ಅಲ್ಲಿಂದ ಬಂದದ್ದಲ್ಲ. ಬೀಡಿಯ ಮಾತನ್ನು ಕಚೇರಿಯಲ್ಲಿ ಇಬ್ಬರು ಎತ್ತಿದರು. ಅದಕ್ಕೆ ಯಾವ ಸಾಕ್ಷ್ಯವೂ ಸಿಕ್ಕಿಲ್ಲ. ಸತ್ತವರ ಮೇಲೆ ಅದನ್ನು ಹೊರಿಸುವುದು ಬೇಡ.

ಧೂಳು

ಮೇಲೆ ಹೇಳಿದ್ದರಿಂದ ಒಂದು ಎಲಿವೇಟರ್ ಹಾಳಾಗುತ್ತಿತ್ತು. ಎರಡು ಮಹಡಿ ಹಾರಿಹೋಗಲು, ಗೋಡೆ ಬೀಳಲು ಕಾರಣ ಬೇರೆ. ತೊಲೆ, ಕೇಬಲ್ ಟ್ರೇ, ಕೊಳವೆಗಳ ನೆತ್ತಿ, ಜರಡಿಗಳ ಮೇಲ್ಭಾಗದಲ್ಲಿ ಕೂತಿದ್ದ ಹಿಟ್ಟನ್ನು ಮೊದಲ ಸ್ಫೋಟದ ಹೊಡೆತ ಕೊಡವಿ ಎಬ್ಬಿಸಿತು, ಹಿಂದೆಯೇ ಬಂದ ಜ್ವಾಲೆ ಅದನ್ನು ಹೊತ್ತಿಸಿತು.

ಎರಡು ಮತ್ತು ಮೂರನೇ ಮಹಡಿಯ ಧೂಳು ಸುಟ್ಟುಹೋಗಿರುವುದರಿಂದ ಬೆಂಕಿ ಮುಟ್ಟದ ಮೊದಲ ಮಹಡಿಯ ಪೂರ್ವ ಭಾಗದಲ್ಲಿ ಅಳೆದೆ. ತೊಲೆಗಳ ಮೇಲೆ 3ರಿಂದ 4 ಮಿಲಿಮೀಟರ್ ಇತ್ತು. ಪ್ಯಾನೆಲ್ ಕೋಣೆಯ ಬಾಗಿಲ ಮೇಲೆ ಲಕ್ಷ್ಮಿಯ ಪಟ ಇದೆ. ಪ್ರತಿ ಶುಕ್ರವಾರ ಒರೆಸುವುದರಿಂದ ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು, ಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಏಣಿ ಹತ್ತಿ ಅದೇ ಪಟದ ಚೌಕಟ್ಟಿನ ನೆತ್ತಿಗೆ ಉಕ್ಕಿನ ಸ್ಕೇಲ್ ಇಟ್ಟೆ: 5 ಮಿಲಿಮೀಟರ್. ನಿಂತವರ ಕಣ್ಣಿಗೆ ಕಾಣುವುದನ್ನೆಲ್ಲ ಇಲ್ಲಿ ಚೆನ್ನಾಗಿ ಗುಡಿಸುತ್ತಾರೆ. ತಲೆಯಿಂದ ಮೇಲಿನದು ಯಾರ ಕೆಲಸವೂ ಅಲ್ಲ.

ಕೇವಲ 1 ಮಿಲಿಮೀಟರ್ ಪದರದ ಲೆಕ್ಕ ನೋಡಿ. ಘನ ಮೀಟರಿಗೆ 500 ಕಿಲೋ ತೂಗುವ ಹಿಟ್ಟಿನ ಅಷ್ಟು ಪದರ ಒಂದು ಚದರ ಮೀಟರಿನಲ್ಲಿ 500 ಗ್ರಾಂ ಆಗುತ್ತದೆ. ಅದು 5 ಮೀಟರ್ ಎತ್ತರದ ಕೋಣೆಯಲ್ಲಿ ಪೂರ್ತಿ ಎದ್ದರೆ ಪ್ರತಿ ಘನ ಮೀಟರಿಗೆ 100 ಗ್ರಾಂ. ಗೋಧಿ ಹಿಟ್ಟಿನ ಮೋಡ ಸ್ಫೋಟಿಸಲು ಸಾಮಾನ್ಯವಾಗಿ 50–60 ಗ್ರಾಂ ಸಾಕು. ನಮ್ಮ ತೊಲೆಗಳ ಮೇಲಿದ್ದದ್ದು ಅದರ ಮೂರು ನಾಲ್ಕು ಪಟ್ಟು ದಪ್ಪ. ಕೂತ ಹಿಟ್ಟಿನ ಕೆಳಗಿನ ಬಣ್ಣ ಕಾಣದಿದ್ದರೆ ಸ್ವಚ್ಛತೆಯ ಸಮಯ ಮೀರಿದೆ ಎಂದೇ ಲೆಕ್ಕ.

ಸ್ವಚ್ಛತೆಯ ರಿಜಿಸ್ಟರ್ ಚೊಕ್ಕವಾಗಿದೆ. ಅಳತೆ ಮೀರಿ ಚೊಕ್ಕವಾಗಿದೆ. ಫೆಬ್ರವರಿಯ ಎಲ್ಲ ದಿನಗಳಿಗೂ ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಸಹಿ ಇದೆ; ಸ್ಫೋಟವಾದ ಮೇಲಿನ 16ರಿಂದ 29ನೇ ತಾರೀಖಿನವರೆಗೂ ಇದೆ. ಕಾರ್ಮಿಕರನ್ನು ಬೇರೆ ಬೇರೆಯಾಗಿ ಕೇಳಿದಾಗ ತೊಲೆಗಳವರೆಗೆ ಸ್ವಚ್ಛ ಮಾಡಿದ್ದು ಆಯುಧಪೂಜೆಗೆ ಎಂದು ಎಲ್ಲರೂ ಒಂದೇ ಉತ್ತರ ಕೊಟ್ಟರು. ಅದು ಅಕ್ಟೋಬರ್ 23. ಸ್ಫೋಟವಾದದ್ದು 115ನೇ ದಿನ. ನಡುವೆ ನಡೆದ ಸ್ವಚ್ಛತೆ ಎಂದರೆ ಕಂಪ್ರೆಸರ್ ಪೈಪಿನಲ್ಲಿ ಗಾಳಿ ಹೊಡೆಯುವುದು. ಗಾಳಿ ಹೊಡೆದರೆ ಹಿಟ್ಟು ಯಂತ್ರದಿಂದ ಎದ್ದು ತೊಲೆಯ ಮೇಲೆ ಕೂರುತ್ತದೆ, ಹೊಡೆಯುವ ಹೊತ್ತಿನಲ್ಲಿ ಕೋಣೆಯೇ ಸ್ಫೋಟಕವಾಗುತ್ತದೆ.

ಹಿಟ್ಟು ಹೊರಬರುತ್ತಿದ್ದುದೂ ಗಮನಿಸಬೇಕಾದ ಸಂಗತಿ. ಜರಡಿಗಳನ್ನು ಕೊಳವೆಗಳಿಗೆ ಜೋಡಿಸುವ ಬಟ್ಟೆ ತೋಳುಗಳಲ್ಲಿ ಆರು ಹರಿದಿದ್ದವು, ಎರಡಕ್ಕೆ ಗೋಣಿಚೀಲದ ತುಂಡು ಸುತ್ತಿ ದಾರ ಕಟ್ಟಲಾಗಿತ್ತು.

ಗಾಯಾಳುಗಳು

ಬೂಟಿನ ತೆರೆದ ಬಾಗಿಲಿನ ಮುಂದೆ ಕುಳಿತಿದ್ದ ಫಿಟ್ಟರ್‌ಗೆ ಮುಖ, ಎದೆ, ಎರಡೂ ತೋಳುಗಳು ಸೇರಿ ಮೈಯ ಸುಮಾರು 55 ಶೇಕಡಾ ಭಾಗ ಸುಟ್ಟಿತ್ತು, ಬಿಸಿ ಗಾಳಿ ಎಳೆದುಕೊಂಡು ಉಸಿರಿನ ನಾಳಕ್ಕೂ ಪೆಟ್ಟಾಗಿತ್ತು. ಅವರು ಪಾಲಿಯೆಸ್ಟರ್ ಅಂಗಿ ತೊಟ್ಟಿದ್ದರು. ಬಟ್ಟೆ ಕರಗಿ ಚರ್ಮಕ್ಕೆ ಅಂಟಿತ್ತು ಎಂದು ವೈದ್ಯರು ಹೇಳಿದರು. ಮೂರನೇ ಮಹಡಿಯ ಇಬ್ಬರಿಗೆ ಶೇಕಡಾ 20 ಮತ್ತು 30ರಷ್ಟು ಸುಟ್ಟ ಗಾಯ. ಅಕ್ಕಪಕ್ಕ ನಿಂತಿದ್ದ ಈ ಇಬ್ಬರಲ್ಲಿ ಹತ್ತಿ ಅಂಗಿಯವರ ಬೆನ್ನು ಉಳಿದಿದೆ. ಎರಡನೇ ಮಹಡಿಯಿಂದ ಕಿಟಕಿಯ ಮೂಲಕ ಹಾರಿದವರಿಗೆ ಎರಡೂ ಹಿಮ್ಮಡಿಗಳು ಮುರಿದಿವೆ. ಮೆಟ್ಟಿಲು ಒಂದೇ, ಅದೂ ಎಲಿವೇಟರ್‌ಗೆ ಅಂಟಿಕೊಂಡೇ ಇದೆ. ಅವರಿಗೆ ಬೇರೆ ದಾರಿ ಇರಲಿಲ್ಲ. ಪ್ಯಾಕಿಂಗ್ ವಿಭಾಗದ ಮೂವರು ಹೆಣ್ಣುಮಕ್ಕಳಿಗೆ ಕೈ ಮತ್ತು ಕಿವಿಗಳಲ್ಲಿ ಸಣ್ಣ ಗಾಯಗಳಾಗಿ, ವಾರದೊಳಗೆ ಮನೆಗೆ ಮರಳಿದ್ದಾರೆ.

ಗಾಯಾಳುಗಳಿಗೆ ಮೊದಲು ಸಿಕ್ಕಿದ್ದು ಟೂತ್‌ಪೇಸ್ಟ್. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈ ಕಚೇರಿಯಲ್ಲಿ ಇಡಲಾಗಿತ್ತು. ಹಚ್ಚಿದವರು ಒಳ್ಳೆಯ ಮನಸ್ಸಿನಿಂದಲೇ ಹಚ್ಚಿದರು, ಆಸ್ಪತ್ರೆಯಲ್ಲಿ ಅದನ್ನು ತೊಳೆದು ತೆಗೆಯಬೇಕಾಯಿತು. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಾಕಬೇಕಿತ್ತು. ನಲ್ಲಿ ಹತ್ತು ಹೆಜ್ಜೆ ದೂರದಲ್ಲೇ ಇದೆ.

ಮಿಲ್ ಮತ್ತೆ ಶುರು ಮಾಡುವ ಮುನ್ನ

ಕಾರ್ಖಾನೆಗಳ ಕಾಯ್ದೆ, 1948ರ 37ನೇ ಕಲಮು ಸ್ಫೋಟಕ ಧೂಳಿನ ಬಗ್ಗೆಯೇ ಇದೆ: ಧೂಳು ಹೊರಬಾರದಂತೆ ತಡೆಯುವುದು, ಕೂಡದಂತೆ ನೋಡಿಕೊಳ್ಳುವುದು, ಹೊತ್ತಿಸುವ ಮೂಲಗಳನ್ನು ದೂರವಿಡುವುದು. ಮೂರರಲ್ಲೂ ನಾವು ತಪ್ಪಿದ್ದೇವೆ.

ಎಲ್ಲ ಐದು ಎಲಿವೇಟರ್‌ಗಳ ವೇಗದ ಸೆನ್ಸರ್‌ಗಳನ್ನು ಮರುಜೋಡಿಸಿ, ವೇಗ ಶೇಕಡಾ 20ರಷ್ಟು ಇಳಿದರೆ ಮೋಟಾರು ನಿಲ್ಲುವಂತೆ ನನ್ನ ಎದುರಿನಲ್ಲೇ ತೋರಿಸಬೇಕು. ಪ್ಯಾನೆಲ್‌ಗೆ ಬೀಗ ಹಾಕಿ, ಬೈಪಾಸ್ ಮಾಡುವ ಅಧಿಕಾರವನ್ನು ಶಿಫ್ಟ್ ಮುಖ್ಯಸ್ಥರಿಂದ ತೆಗೆಯಬೇಕು. 4ನೇ ಎಲಿವೇಟರನ್ನು ಕಟ್ಟಡದ ಹೊರಗೋಡೆಗೆ ಸರಿಸಿ, ಮೇಲ್ತುದಿಯಲ್ಲಿ ಒತ್ತಡ ಹೊರಗೆ ಬಿಡುವ ಫಲಕ ಹಾಕಬೇಕು. ಬೆಲ್ಟ್ ಬೆಂಕಿ ನಿರೋಧಕ, ಸ್ಥಿರ ವಿದ್ಯುತ್ ಹರಿಯಲು ಬಿಡುವ ಬಗೆಯದಾಗಿರಬೇಕು. ಪ್ರತಿ ಎಲಿವೇಟರ್‌ನ ಬೂಟಿನ ಬಳಿ ನಿಲ್ಲಿಸುವ ಗುಂಡಿ ಬೇಕು. ಗಾಳಿ ಹೊಡೆಯುವ ಪೈಪುಗಳನ್ನು ಇಂದೇ ತೆಗೆಸಿ, ಅರ್ಥಿಂಗ್ ಇರುವ ವ್ಯಾಕ್ಯೂಮ್ ಯಂತ್ರ ತರಿಸಿ. ಹೊರಗಿನ ಎರಡನೇ ಮೆಟ್ಟಿಲಿಗೆ ಖರ್ಚು ಹೆಚ್ಚು ಎಂಬ ಮಾತು ಬಂದಿದೆ. ಅದಿಲ್ಲದೆ ಮೂರನೇ ಮಹಡಿಯಲ್ಲಿ ಯಾರನ್ನೂ ಕೆಲಸಕ್ಕೆ ಹಾಕಲು ನಾನು ಒಪ್ಪಿಗೆ ಕೊಡುವುದಿಲ್ಲ.

ಹಸಿರು ವೈರ್, ಪುಲ್ಲಿಯ ಸುಟ್ಟ ಹೊದಿಕೆ, ಬೆಲ್ಟಿನ ಎರಡು ತುದಿಗಳು, ರಿಜಿಸ್ಟರ್ ಇವಿಷ್ಟನ್ನೂ ಸೀಲು ಹಾಕಿ ಕಚೇರಿಯ ಕಪಾಟಿನಲ್ಲಿ ಇಟ್ಟಿದ್ದೇನೆ. ಕಾರ್ಖಾನೆಗಳ ಇಲಾಖೆಯ ನಿರೀಕ್ಷಕರು ಬಂದು ಪಡೆಯುವವರೆಗೆ ಕಪಾಟು ತೆರೆಯಬಾರದು. ಬೀಗದ ಕೈ ನನ್ನ ಬಳಿ ಇದೆ.

ತನಿಖಾ ಎಂಜಿನಿಯರ್
2024ರ ಮಾರ್ಚ್ 11