ಗಣಿತ ಕಿರುಪರೀಕ್ಷೆಯ ಅಂಕಗಳ ಬಗ್ಗೆ

ನಮಸ್ಕಾರ ಮೇಡಂ,

ನಿಮ್ಮ ಪತ್ರ ಓದಿದೆ. ಮಗಳು ಅಷ್ಟು ಓದಿಯೂ 20ಕ್ಕೆ 11 ಬಂದರೆ ಬೇಜಾರಾಗುತ್ತೆ, ಅದು ಸಹಜ. ಅವಳ ಉತ್ತರ ಪತ್ರಿಕೆಯನ್ನು ಇವತ್ತು ಮತ್ತೆ ಪೂರ್ತಿ ನೋಡಿದೆ.

ಹೋದ 9 ಅಂಕಗಳಲ್ಲಿ 8 ಒಂದೇ ಪ್ರಶ್ನೆಯವು, ಭಿನ್ನರಾಶಿ ಕೂಡುವ ನಾಲ್ಕು ಲೆಕ್ಕಗಳು. ನಾಲ್ಕರಲ್ಲೂ ಅವಳು ಮೇಲಿನ ಅಂಕಿಗಳನ್ನು ಕೂಡಿ, ಕೆಳಗಿನವನ್ನೂ ಹಾಗೇ ಕೂಡಿದ್ದಾಳೆ: 1/3 + 1/4 = 2/7. ಆದರೆ 2/7 ಅನ್ನೋದು 1/3ಕ್ಕಿಂತಲೂ ಕಡಿಮೆ. ಕೂಡಿದ ಮೇಲೆ ಕಡಿಮೆಯಾಗೋಕೆ ಆಗಲ್ಲ, ಅಲ್ವಾ? ಸರಿ ಉತ್ತರ 7/12. ವಿಧಾನವೇ ತಪ್ಪಿದ್ದರಿಂದ ಅಲ್ಲಿ ಅಂಕ ಕೊಡಲು ಆಗಲಿಲ್ಲ. ಇಡೀ ತರಗತಿಗೂ ಇದೇ ಅಳತೆ. ಕೊನೆಯ ಲೆಕ್ಕದಲ್ಲಿ ಉತ್ತರ ತಪ್ಪಿದರೂ ವಿಧಾನ ಸರಿಯಿತ್ತು, 5ಕ್ಕೆ 4 ಕೊಟ್ಟಿದ್ದೇನೆ.

ಗುರುವಾರ ಮೂರೂವರೆಗೆ ಬನ್ನಿ, ಪತ್ರಿಕೆಯನ್ನು ಜೊತೆಗೇ ನೋಡೋಣ. ಎಲ್ಲಾದರೂ ಅಂಕ ಬಿಟ್ಟುಹೋಗಿದ್ದರೆ ಅಲ್ಲೇ ತಿದ್ದುತ್ತೇನೆ. ಆಮೇಲೂ ಸಮಾಧಾನವಾಗದಿದ್ದರೆ ಇನ್ನೊಬ್ಬ ಗಣಿತ ಶಿಕ್ಷಕರ ಕೈಲಿ ಮೌಲ್ಯಮಾಪನ ಮಾಡಿಸೋಣ.

ಒಂದು ಕೋರಿಕೆ. ದಯವಿಟ್ಟು ಅವಳನ್ನು ಬೈಯಬೇಡಿ. ಗುಣಾಕಾರ, ಭಾಗಾಕಾರ ಎಲ್ಲ ಚೆನ್ನಾಗಿ ಬರುತ್ತೆ. ಛೇದ ಸಮ ಮಾಡುವುದೊಂದನ್ನು ನಾಳೆಯಿಂದ ನಾನೇ ಕೂರಿಸಿಕೊಂಡು ಹೇಳಿಕೊಡುತ್ತೇನೆ.

ಇಂತಿ,
ಗಣಿತ ಶಿಕ್ಷಕಿ, 6ನೇ ತರಗತಿ