ಓಣಿ ಗ್ರೂಪಿನ ಎಲ್ಲರಿಗೂ: ಮಧ್ಯಾಹ್ನ ತಪ್ಪಿ ಬಂದ ಫೋಟೊ, ಮೆಸೇಜ್ ಬಗ್ಗೆ

ಎಲ್ಲರಿಗೂ ನಮಸ್ಕಾರ್ರೀ.

ಇವತ್ತು ಮಧ್ಯಾಹ್ನ ಒಂದೂವರೆ ಸುಮಾರಿಗೆ ನನ್ನ ನಂಬರಿನಿಂದ ಈ ಗ್ರೂಪಿಗೆ ಒಂದು ಬಯೋಡಾಟಾ ಫೋಟೊ, ಅದರ ಕೆಳಗೆ ಒಂದು ಉದ್ದನೆಯ ಮೆಸೇಜ್ ಬಂದಿದೆ. ಅದು ಇಲ್ಲಿಗೆ ಬರಬೇಕಾದದ್ದಲ್ಲ. ವಿಜಯಪುರದಲ್ಲಿರುವ ನನ್ನ ತಂಗಿಗೆ ಕಳಿಸಬೇಕಿತ್ತು. ಬೆಳಿಗ್ಗೆಯಿಂದ ನೀರಿನ ಮಾತು ನಡೆದಿತ್ತಲ್ವಾ, ಹಾಗಾಗಿ ನಮ್ಮ ಗ್ರೂಪೇ ಪಟ್ಟಿಯ ಮೇಲೆ ಕೂತಿತ್ತು. ಹೆಸರು ನೋಡದೆ ಒತ್ತಿಬಿಟ್ಟೆ. ತಪ್ಪು ನನ್ನದೇ. ಎಲ್ಲರ ಹತ್ತಿರ ಕ್ಷಮೆ ಕೇಳುತ್ತೇನೆ.

ಫೋಟೊ, ಮೆಸೇಜ್ ಎರಡೂ ಇನ್ನೂ ನಿಮ್ಮ ಫೋನಿನಲ್ಲಿ ಹಾಗೇ ಇವೆ. ಗಾಬರಿಯಲ್ಲಿ ನಾನು Delete for everyone ಒತ್ತುವ ಬದಲು Delete for me ಒತ್ತಿದೆ. ಕೆಳಗೆ Undo ಅಂತ ಬರುತ್ತದೆ, ಆದರೆ ಅದು ಇರುವುದು ಐದೇ ಸೆಕೆಂಡ್. ಕನ್ನಡಕ ಹುಡುಕುವಷ್ಟರಲ್ಲಿ ಹೋಯಿತು. ಈಗ ನನ್ನ ಫೋನಿನಲ್ಲಿ ಮೆಸೇಜೇ ಇಲ್ಲ, ಆದ್ದರಿಂದ ಎಲ್ಲರ ಫೋನಿನಿಂದ ಅಳಿಸುವುದು ನನ್ನ ಕೈಯಲ್ಲಿಲ್ಲ. ಗ್ರೂಪಿನ ಅಡ್ಮಿನ್ ಮಾತ್ರ ಅಳಿಸಬಹುದು.

ಬಸಣ್ಣ ಕಾಕಾ, ನೀವು ಕೂಡಲಸಂಗಮಕ್ಕೆ ಹೋಗಿದ್ದೀರಿ ಅಂತ ಕಾಕೂ ಹೇಳಿದರು. ಎರಡು ಸಲ ಫೋನ್ ಹಚ್ಚಿದೆ, ಹತ್ತಲಿಲ್ಲ. ಇದನ್ನು ನೋಡಿದ ಕೂಡಲೇ ಇಷ್ಟು ಮಾಡಿ. ಗ್ರೂಪ್ ತೆರೆದು ನನ್ನ ಆ ಫೋಟೊ ಮೇಲೆ ಬೆರಳು ಒತ್ತಿ ಹಿಡಿಯಿರಿ. ಅದು ಸೆಲೆಕ್ಟ್ ಆದ ಮೇಲೆ ಕೆಳಗಿನ ಉದ್ದ ಮೆಸೇಜನ್ನೂ ಒಮ್ಮೆ ಮುಟ್ಟಿ, ಎರಡೂ ಒಟ್ಟಿಗೆ ಸೆಲೆಕ್ಟ್ ಆಗುತ್ತವೆ. ಮೇಲ್ಗಡೆ ಕಸದ ಡಬ್ಬಿ ಚಿತ್ರ ಕಾಣುತ್ತದೆ, ಅದನ್ನು ಒತ್ತಿ. ಆಮೇಲೆ Delete for everyone. ನಿಮ್ಮ ವಾಟ್ಸಾಪ್ ಕನ್ನಡದಲ್ಲಿದ್ದರೆ ಅಕ್ಷರ ಬೇರೆ ಇರುತ್ತದೆ, ಕಸದ ಡಬ್ಬಿ ಅದೇ ಇರುತ್ತದೆ. ಎರಡೂ ಒಟ್ಟಿಗೆ ಆಗದಿದ್ದರೆ ಒಂದೊಂದೇ ಮಾಡಿ, ಫೋಟೊ ಮೊದಲು. ದಯವಿಟ್ಟು ನನ್ನ ಹಾಗೆ for me ಒತ್ತಬೇಡಿ, ನಿಮ್ಮ ಫೋನಿನಿಂದಲೂ ಹೋದರೆ ಬೇರೆ ಅಡ್ಮಿನ್ ಇಲ್ಲ! ಅಳಿಸಿದ ಜಾಗದಲ್ಲಿ ಅಡ್ಮಿನ್ ಅಳಿಸಿದರು ಅಂತ ಎಲ್ಲರಿಗೂ ಕಾಣುತ್ತದೆ, ಕಾಣಲಿ. ಇದಕ್ಕೆ ಸುಮಾರು ಎರಡು ದಿನದ ಅವಕಾಶ ಇರುತ್ತದೆ. ಆದರೆ ಅಲ್ಲಿಯವರೆಗೆ ಬಿಡಬೇಡಿ, ಇವತ್ತೇ ಆಗಲಿ.

ಉಳಿದವರು ಕಾಕಾ ಅಳಿಸುವವರೆಗೆ ಕಾಯಬೇಡಿ. ಆಂಡ್ರಾಯ್ಡ್ ಫೋನಿದ್ದವರು ಹೀಗೇ ಒತ್ತಿ ಹಿಡಿದು, ಕಸದ ಡಬ್ಬಿ ಒತ್ತಿ, Delete for me ಮಾಡಿ. ಫೋನಿನ ಗ್ಯಾಲರಿಯಿಂದಲೂ ತೆಗೆಯಲಾ ಅಂತ ಕೇಳಿದರೆ ಅಲ್ಲಿ ಟಿಕ್ ಇರಲಿ. ಐಫೋನಿದ್ದವರು ಒತ್ತಿ ಹಿಡಿದರೆ Delete ಬರುತ್ತದೆ, ಕಾಣದಿದ್ದರೆ More ಒಳಗೆ ನೋಡಿ. ಐಫೋನಿನಲ್ಲಿ ಇನ್ನೊಂದು ವಿಷಯ ಇದೆ. ವಾಟ್ಸಾಪ್‌ನಿಂದ ಹೋದರೂ Photos ಒಳಗೆ ಚಿತ್ರ ಉಳಿದಿರಬಹುದು. ಅಲ್ಲಿಂದ ತೆಗೆದ ಮೇಲೆ Recently Deleted ಒಳಗೂ ಒಮ್ಮೆ ನೋಡಿ ತೆಗೆಯಿರಿ. ವಾಟ್ಸಾಪ್ ಚಿತ್ರಗಳು ಗೂಗಲ್ ಫೋಟೋಸ್‌ಗೆ ಹೋಗುವ ಹಾಗೆ ಇಟ್ಟುಕೊಂಡವರು ಅಲ್ಲೂ ನೋಡಬೇಕು. ಕೆಲಸ ಹಚ್ಚಿದ್ದಕ್ಕೆ ಬೇಜಾರಾಗಬೇಡಿ. ಆ ಕಾಗದದಲ್ಲಿ ಒಬ್ಬ ಹುಡುಗನ ಹುಟ್ಟಿದ ದಿನಾಂಕ, ಸಂಬಳ, ಅವರ ತಂದೆಯ ಫೋನ್ ನಂಬರ್ ಎಲ್ಲ ಇದೆ. ಅವರು ನಮ್ಮನ್ನು ನಂಬಿ ಕೊಟ್ಟದ್ದು.

ಇಬ್ಬರು ಆಗಲೇ "ಕಂಗ್ರಾಟ್ಸ್" ಅಂತ ನನ್ನ ಮೆಸೇಜಿಗೇ ರಿಪ್ಲೈ ಮಾಡಿದ್ದೀರಿ. ಪ್ರೀತಿಯಿಂದ ಹಾಕಿದ್ದು, ಗೊತ್ತು. ಆದರೆ ಮೂಲ ಮೆಸೇಜ್ ಅಳಿಸಿದರೂ ರಿಪ್ಲೈ ಒಳಗೆ ಅದರ ತುಣುಕು ಉಳಿಯುತ್ತದೆ. ನಿಮ್ಮ ರಿಪ್ಲೈಯನ್ನು ನೀವೇ Delete for everyone ಮಾಡಿದರೆ ಉಪಕಾರವಾಗುತ್ತದೆ. ಯಾರಾದರೂ ಮುಂದೆ ಯಾರಿಗಾದರೂ ಕಳಿಸಿದ್ದರೆ ಅದು ಬೇರೆಯೇ ಪ್ರತಿ, ಕಾಕಾ ಇಲ್ಲಿ ಅಳಿಸಿದರೆ ಅಲ್ಲಿ ಹೋಗುವುದಿಲ್ಲ. ಅದನ್ನೂ ನೀವೇ ತೆಗೆಯಿರಿ. ಯಾರು ಓದಿದ್ದೀರಿ, ಯಾರು ಕಳಿಸಿದ್ದೀರಿ ಅಂತ ನಾನು ಕೇಳುವುದಿಲ್ಲ.

ಈಗ ಓದಿದವರಿಗೆ ಒಂದು ಮಾತು ಹೇಳಲೇಬೇಕು. ಮೆಸೇಜಿನಲ್ಲಿ ಬಂಗಾರದ ಲೆಕ್ಕ ಇತ್ತು. ಅದನ್ನು ಓದಿದರೆ ಜಮಖಂಡಿಯ ಆ ಹುಡುಗನ ಮನೆಯವರು ಕೇಳಿದ್ದಾರೆ ಅನ್ನಿಸುತ್ತದೆ. ಅವರು ಏನೂ ಕೇಳಿಲ್ಲ, ಒಂದು ಗುಂಜಿಯೂ ಕೇಳಿಲ್ಲ. ನಮ್ಮ ಅವ್ವನ ಹಳೇ ಪಾಟ್ಲಿ ಮುರಿಸಿ ಮಗಳಿಗೆ ಏನು ಮಾಡಿಸಬಹುದು ಅಂತ ಅಕ್ಕ ತಂಗಿ ಸುಮ್ನೆ ಮಾತಾಡುತ್ತಿದ್ದೆವು. ನನ್ನ ಒಂದು ಒತ್ತಿನಿಂದ ಅವರ ಮನೆತನಕ್ಕೆ ಕೆಟ್ಟ ಹೆಸರು ಬರುವುದು ಬೇಡ. ಅವರಿಗೂ ಫೋನ್ ಮಾಡಿ ಆದದ್ದನ್ನು ಹೇಳಿದ್ದೇನೆ. ಹುಡುಗನ ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಂಬರ್ ಅಷ್ಟು ಯಾರೂ ಇಟ್ಟುಕೊಳ್ಳದ ಹಾಗೆ ನೋಡ್ರಿ" ಅಂದರು. ಅದಕ್ಕೇ ಮೇಲೆ ಅಷ್ಟೊಂದು ಬರೆದದ್ದು. ಅವರಿಗೆ ಯಾರೂ ಫೋನ್ ಮಾಡಬೇಡಿ, ಪರಿಚಯ ಇದ್ದರೂ ಬೇಡ.

ಸಂಬಂಧ ಗಟ್ಟಿಯಾಗಿಲ್ಲ. ಬಂದು ನೋಡಿ ಹೋಗಿದ್ದಾರೆ ಅಷ್ಟೇ. ಮಗಳಿಗೂ ಈ ಸುದ್ದಿ ನಾನೇ ಹೇಳಿದೆ. ಸಿಟ್ಟಾಗಿದ್ದಾಳೆ, ಆಗುವುದು ಸರಿಯೇ. ಹಬ್ಬಕ್ಕೆ ಹುಬ್ಬಳ್ಳಿಯಿಂದ ಬಂದಾಗ ದಯವಿಟ್ಟು ಯಾರೂ "ಯಾವಾಗ ಊಟ ಹಾಕಿಸ್ತೀ" ಅಂತ ಅವಳನ್ನು ಕೇಳಬೇಡಿ. ಊಟ ಹಾಕಿಸುವ ದಿನ ಬಂದರೆ ನಾನೇ ಮನೆಮನೆಗೆ ಬಂದು ಕರೆಯುತ್ತೇನೆ.

ಶಾಂತಾ ಕಾಕೂ, ನಿಮ್ಮ ಬಗ್ಗೆ ಬರೆದಿದ್ದ ಸಾಲನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅದು ತಮಾಷೆಗೆ ಅಂತ ಹೇಳಿ ಜಾರಿಕೊಳ್ಳುವುದೂ ಇಲ್ಲ. ನಿಮಗೆ ನೋವಾಗುವಂಥದ್ದೇ ಅದು. ನನಗೆ ಟೈಫಾಯ್ಡ್ ಆದಾಗ ಮೂರು ಹೊತ್ತೂ ಗಂಜಿ ತಂದುಕೊಟ್ಟವರು ನೀವು. ಕೊನೆಗೆ ಓಣಿಗೆಲ್ಲ ಸುದ್ದಿ ಮುಟ್ಟಿಸಿದವಳು ನಾನೇ ಆದೆ, ನೋಡಿ. ಇಲ್ಲಿ ಎಲ್ಲರ ಮುಂದೆ ಕ್ಷಮಿಸಿದೆ ಅಂತ ಬರೆಯಬೇಕಾಗಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತೇನೆ, ಬೈಯುವುದಿದ್ದರೆ ಅಲ್ಲೇ ಬೈಯಿರಿ.

ಇದಕ್ಕೆ ಗ್ರೂಪಿನಲ್ಲಿ ಉತ್ತರ ಬೇಡ, ಕೈ ಮುಗಿಯುವ ಚಿತ್ರವೂ ಬೇಡ. ಎಲ್ಲರೂ ಒಂದೊಂದು ಹಾಕಿದರೆ ಬಸಣ್ಣ ಕಾಕಾಗೆ ಆ ಮೆಸೇಜ್ ಹುಡುಕಲು ಇನ್ನೂ ಮೇಲೆ ಹೋಗಬೇಕಾಗುತ್ತದೆ. ಅಳಿಸಲು ಬರದೇ ಇದ್ದರೆ ನನಗೆ ಫೋನ್ ಮಾಡಿ, ಇಲ್ಲ ಮಗ್ಗುಲು ಮನೆಯ ಹುಡುಗರ ಕೈಗೆ ಕೊಡಿ. ಫೋಟೊ ಓದಲು ಅಲ್ಲ, ಅಳಿಸಲು.

ಕಾಕಾ ಅಳಿಸಿದ ಮೇಲೆ ಈ ಮೆಸೇಜನ್ನೂ ನಾಳೆ ಸಂಜೆ ತೆಗೆಯುತ್ತೇನೆ. ಇದರಲ್ಲೂ ಊರು, ಮನೆತನದ ಮಾತು ಬಂದಿದೆ. ಈ ಸಲ ಕನ್ನಡಕ ಹಾಕಿಕೊಂಡೇ ಒತ್ತುತ್ತೇನೆ.

ನಿಮ್ಮ
ಸುಜಾತಾ, ಮೂಲೆ ಮನೆ
ನವನಗರ, ಬಾಗಲಕೋಟೆ