ಕೇಳದ ವಿಮೆಗೆ ಹಣ ಕಡಿತ: ಬ್ಯಾಂಕಿಗೆ ದೂರು

ಶಾಖಾ ವ್ಯವಸ್ಥಾಪಕರಿಗೆ,
ಬೆಟಗೇರಿ, ಗದಗ

ವಿಷಯ: ಒಪ್ಪಿಗೆಯಿಲ್ಲದೆ ವಿಮಾ ಕಂತು ಕಡಿತವಾದ ಬಗ್ಗೆ.

ಮಾನ್ಯರೇ,

ನಾನು ಬೆಟಗೇರಿಯಲ್ಲಿ ಕೈಮಗ್ಗದ ಸೀರೆ ನೇಯುವವನು. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ನನ್ನ ಖಾತೆಯಿಂದ ವಿಮಾ ಕಂತು ಕಡಿತವಾಗಿರುವುದು ಕಂಡಿತು. ಯಾವ ವಿಮೆಯನ್ನೂ ನಾನು ಕೇಳಿಲ್ಲ, ಪಾಲಿಸಿ ಕಾಗದವೂ ಮನೆಗೆ ಬಂದಿಲ್ಲ.

ಕೌಂಟರಿನಲ್ಲಿ ವಿಚಾರಿಸಿದರೆ, "ನೀವೇ ಸಹಿ ಮಾಡೀರಲ್ರೀ" ಎಂದು ಫಾರ್ಮ್ ತೋರಿಸಿದರು. ಅದರಲ್ಲಿರುವುದು ಇಂಗ್ಲಿಷ್ ಸಹಿ. ನನಗೆ ಕನ್ನಡದಲ್ಲಿ ಮಾತ್ರ ಸಹಿ ಹಾಕಲು ಬರುತ್ತದೆ. ನಿಮ್ಮಲ್ಲಿರುವ ನನ್ನ ಮಾದರಿ ಸಹಿಯ ಪಕ್ಕ ಆ ಫಾರ್ಮ್ ಇಟ್ಟು ನೋಡಿದರೆ ಸಾಕು. ಮೊಬೈಲ್ ನಂಬರ್ ಕೂಡ ನನ್ನದಲ್ಲ. ನೂಲು ತರಲು ಇಟ್ಟಿದ್ದ ದುಡ್ಡು ಹೋಗಿ ಮಗ್ಗ ನಿಂತಿದೆ.

ದಯವಿಟ್ಟು ಆ ವಿಮೆ ರದ್ದುಪಡಿಸಿ, ಕಡಿತವಾದ ಪೂರ್ಣ ಹಣವನ್ನು ಖಾತೆಗೆ ಮರಳಿ ಜಮಾ ಮಾಡಿ, ಫಾರ್ಮಿನ ನಕಲು ಕೊಡಿ. ಮುಂದೆ ಇಂಥ ಕಡಿತ ಆಗದಂತೆ ಆಟೋ ಡೆಬಿಟ್ ನಿಲ್ಲಿಸಿ. 30 ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುವುದು ಅನಿವಾರ್ಯ.

ಪಾಸ್‌ಬುಕ್ ಪುಟದ ಜೆರಾಕ್ಸ್ ಲಗತ್ತಿಸಿದ್ದೇನೆ. ಈ ಪತ್ರದ ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ನಿಮ್ಮ ಶಾಖೆಯ ಗ್ರಾಹಕ
(ಕನ್ನಡದಲ್ಲೇ ಸಹಿ ಮಾಡಿದ್ದೇನೆ)